ಒಂದೇ ಸುರಂಗ, ಎರಡು ಕೆಲಸ: ವಿಪಿಎನ್ ಜೊತೆ ವಿದೇಶಕ್ಕೆ ಹೊರಡುವ ಮುನ್ನ

(ಈಚೆಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಆಡಿದ ಮಾತನ್ನೇ ಸ್ವಲ್ಪ ಒಪ್ಪ ಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ವಕೀಲೆ ಅಲ್ಲ. ಕಂಪನಿಗಳ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಆದರೆ ನಮ್ಮ ವಿಭಾಗಕ್ಕೆ ಬರುವ ಫೋನ್‌ಗಳಲ್ಲಿ ಒಂದು ಪ್ರಶ್ನೆ ಮಾತ್ರ ತಪ್ಪದೆ ಇರುತ್ತದೆ. ಯಾರೋ ನಾಳೆ ಬೆಳಿಗ್ಗೆ ವಿಮಾನ ಹತ್ತಬೇಕು. ಇವತ್ತು ಸಂಜೆ ಕೇಳುತ್ತಾರೆ: "ಅಲ್ಲಿ ವಿಪಿಎನ್ ಲೀಗಲ್ಲಾ?"

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಲು ನಾನು ಹೋಗುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇವತ್ತಿನ ಮಾತು. ಅಂತರ್ಜಾಲದಲ್ಲಿ ಹುಡುಕಿದರೆ ದೇಶಗಳಿಗೆ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿದ ನಕ್ಷೆಗಳು ಸಿಗುತ್ತವೆ. ಅವುಗಳಲ್ಲಿ ಹಲವು ವಿಪಿಎನ್ ಮಾರುವವರೇ ಮಾಡಿದವು. ನಕ್ಷೆ ನೋಡಿ ನಿಶ್ಚಿಂತೆಯಿಂದ ಹೊರಟವರೂ ಇದ್ದಾರೆ, ಸುಮ್ನೆ ಹೆದರಿ ಆಫೀಸ್ ಲ್ಯಾಪ್‌ಟಾಪನ್ನೇ ಬಿಟ್ಟು ಹೋದವರೂ ಇದ್ದಾರೆ. ಕಾನೂನಿನ ಸಾಲು ಓದಿದರೆ ಬಣ್ಣಕ್ಕಿಂತ ಬೇರೆಯದೇ ಕಾಣುತ್ತದೆ. ಬಹಳ ಕಡೆ ಕಾನೂನು ನೋಡುವುದು ವಿಪಿಎನ್ ಎಂಬ ಸಾಧನವನ್ನಲ್ಲ. ಅದರೊಳಗೆ ನೀವು ಏನು ಕಳಿಸಿದಿರಿ, ಯಾಕೆ ಕಳಿಸಿದಿರಿ ಎಂಬುದನ್ನು.

ವಿಪಿಎನ್ ಅಂದರೆ ಏನು ಎಂದು ಎರಡೇ ಮಾತಲ್ಲಿ ಹೇಳಿಬಿಡುತ್ತೇನೆ. ನಿಮ್ಮ ಸಾಧನದಿಂದ ಬೇರೆಲ್ಲೋ ಇರುವ ಒಂದು ಸರ್ವರ್‌ವರೆಗೆ ಒಂದು ಸುರಂಗ. ಒಳಗೆ ಹೋಗುವುದು ದಾರಿಯಲ್ಲಿ ಇರುವವರಿಗೆ ಓದಲು ಬರುವುದಿಲ್ಲ. ಸುರಂಗದ ಆ ತುದಿಯಿಂದ ಹೊರಗೆ ಬಂದಾಗ ನಿಮ್ಮ ಐಪಿ ವಿಳಾಸದ ಬದಲು ಆ ಸರ್ವರ್‌ನ ವಿಳಾಸ ಕಾಣುತ್ತದೆ. ಈ ಎರಡನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಈಗ ನೋಡಲಿರುವ ಕಾನೂನು ಹಿಡಿದುಕೊಂಡಿರುವುದು ಅದನ್ನೇ.

ನಾನು ಆರಿಸಿಕೊಂಡಿರುವುದು ಸಂಯುಕ್ತ ಅರಬ್ ಎಮಿರೇಟ್ಸ್. ಕೆಲಸಕ್ಕೆ, ಪ್ರವಾಸಕ್ಕೆ, ಇಲ್ಲವೇ ವಿಮಾನ ಬದಲಿಸಲು ಲೆಕ್ಕವಿಲ್ಲದಷ್ಟು ಜನ ದುಬೈ, ಅಬುಧಾಬಿ ಮೂಲಕ ಹೋಗುತ್ತಾರೆ. ಅಲ್ಲಿ ವಿಪಿಎನ್ ಬಗ್ಗೆ ಇರುವ ಭಯವೂ ಜಾಸ್ತಿ, ತಪ್ಪು ತಿಳಿವಳಿಕೆಯೂ ಜಾಸ್ತಿ.

ಅಲ್ಲಿನ ಸೈಬರ್ ಅಪರಾಧ ಕಾನೂನು 2021ರ 34ನೇ ಸಂಖ್ಯೆಯ ಫೆಡರಲ್ ಡಿಕ್ರಿ ಕಾನೂನು. 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ 10ನೇ ವಿಧಿ ನಮಗೆ ಬೇಕಾದದ್ದು. ಸುಳ್ಳು ಐಪಿ ವಿಳಾಸವನ್ನೋ ಬೇರೆಯವರ ವಿಳಾಸವನ್ನೋ ಬಳಸಿ, ಅಥವಾ ಇನ್ಯಾವುದೇ ರೀತಿಯಲ್ಲಿ, ನೆಟ್‌ವರ್ಕ್ ವಿಳಾಸವನ್ನು ಮರೆಸುವುದು, ಅದೂ ಅಪರಾಧ ಮಾಡುವ ಅಥವಾ ಅಪರಾಧ ಪತ್ತೆಯಾಗದಂತೆ ತಡೆಯುವ ಉದ್ದೇಶದಿಂದ. ಆ ವಿಧಿಯ ತಿರುಳು ಇದು. ದಂಡ ಕನಿಷ್ಠ 5 ಲಕ್ಷ ದಿರ್ಹಮ್, ಗರಿಷ್ಠ 20 ಲಕ್ಷ ದಿರ್ಹಮ್. ಜೈಲಿನ ಮಾತೂ ಅದರಲ್ಲಿದೆ. ಇದಕ್ಕಿಂತ ಹಿಂದೆ 2012ರ ಕಾನೂನಿನಲ್ಲೂ ಇಂಥದೇ ವಿಧಿ ಇತ್ತು. 2016ರಲ್ಲಿ ತಿದ್ದುಪಡಿ ತಂದು ದಂಡವನ್ನು ಈ ಮಟ್ಟಕ್ಕೆ ಏರಿಸಿದರು.

"ದುಬೈಯಲ್ಲಿ ವಿಪಿಎನ್ ಹಾಕಿದರೆ 20 ಲಕ್ಷ ದಂಡ" ಎಂಬ ಸುದ್ದಿ ಹರಡಿದ್ದು ಆಗಲೇ. ಬ್ಯಾಂಕುಗಳು, ಕಂಪನಿಗಳು ಗಾಬರಿಯಾದವು. ದೂರದ ಕಚೇರಿಗಳನ್ನು ಜೋಡಿಸುವುದೇ ವಿಪಿಎನ್, ಅಲ್ವಾ? ಆಗ ಅಲ್ಲಿನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಒಂದು ಸ್ಪಷ್ಟನೆ ಕೊಟ್ಟಿತು. ಕಂಪನಿ, ಸಂಸ್ಥೆ, ಬ್ಯಾಂಕುಗಳು ತಮ್ಮ ಒಳ ನೆಟ್‌ವರ್ಕ್ ತಲುಪಲು ವಿಪಿಎನ್ ಬಳಸುವುದಕ್ಕೆ ತಡೆಯಿಲ್ಲ, ದುರ್ಬಳಕೆಗೆ ಮಾತ್ರ ಶಿಕ್ಷೆ ಎಂದು.

ಈಗ ವಿಧಿಯ ಮಾತನ್ನು ಇನ್ನೊಮ್ಮೆ ನೋಡಿ. ವಿಳಾಸ ಮರೆಸುವುದು ಅರ್ಧ ಭಾಗ. ಉದ್ದೇಶ ಇನ್ನರ್ಧ. ಎರಡೂ ಕೂಡಿದಾಗ ಮಾತ್ರ ಈ ವಿಧಿ ತಗಲುತ್ತದೆ. ಹಾಗಾಗಿ ಮುಂದಿನ ಪ್ರಶ್ನೆ: ಅಲ್ಲಿ ಯಾವುದು ಅಪರಾಧ? ಪ್ರವಾಸಿಗರು ಎಡವುವುದು ಇಲ್ಲೇ. ನಮ್ಮ ಕಣ್ಣಿಗೆ ಅತಿ ಸಾಮಾನ್ಯವಾಗಿ ಕಾಣುವ ಒಂದು ಕೆಲಸ ಅಲ್ಲಿ ನಿಯಂತ್ರಣದಲ್ಲಿದೆ. ಅದು ಅಂತರ್ಜಾಲದ ಮೇಲೆ ಮಾಡುವ ಧ್ವನಿ ಕರೆ. ಅಲ್ಲಿ ಇದಕ್ಕೆ ಪರವಾನಗಿ ಬೇಕು, ಅಥವಾ ಪರವಾನಗಿ ಇರುವ ದೂರಸಂಪರ್ಕ ಕಂಪನಿಯ ಮೂಲಕ ಬರಬೇಕು. ವಾಟ್ಸಾಪ್ ಸಂದೇಶ ಹೋಗುತ್ತದೆ, ಫೋಟೋ ಹೋಗುತ್ತದೆ, ವಾಟ್ಸಾಪ್ ಕರೆ ಹೋಗುವುದಿಲ್ಲ. ಫೇಸ್‌ಟೈಮ್‌ದೂ ಬಹುಕಾಲದಿಂದ ಇದೇ ಕಥೆ.

ಒಂದು ಉದಾಹರಣೆ ಮಾಡಿಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಒಬ್ಬ ಉದ್ಯೋಗಿ ಹತ್ತು ದಿನದ ಕೆಲಸಕ್ಕೆ ದುಬೈಗೆ ಹೋಗಿದ್ದಾರೆ. ಅವರ ಬಳಿ ಆಫೀಸ್ ಲ್ಯಾಪ್‌ಟಾಪ್ ಇದೆ, ಸ್ವಂತ ಫೋನ್ ಇದೆ. ರಾತ್ರಿ ಹೋಟೆಲ್ ವೈಫೈಗೆ ಸೇರಿಕೊಳ್ಳುತ್ತಾರೆ. ಲ್ಯಾಪ್‌ಟಾಪಿನಲ್ಲಿ ಆಫೀಸ್ ವಿಪಿಎನ್ ಹಾಕಿ ಕಡತ ತೆಗೆಯುತ್ತಾರೆ. ಇದು ಆ ಸ್ಪಷ್ಟನೆಯಲ್ಲಿ ಹೇಳಿದ ಬಳಕೆಯೇ. ಇಲ್ಲಿ ತೊಂದರೆಯಿಲ್ಲ.

ಆಮೇಲೆ ಮನೆಗೆ ಕರೆ ಮಾಡಬೇಕು. ವಾಟ್ಸಾಪ್ ಕರೆ ಹೋಗಲಿಲ್ಲ. ಯಾರೋ ಹೇಳಿದ್ದು ನೆನಪಾಗಿ ಫೋನಿನಲ್ಲಿ ಒಂದು ಉಚಿತ ವಿಪಿಎನ್ ಹಾಕಿಕೊಂಡರು. ಕರೆ ಹೋಯಿತು. ಈಗ ಎರಡು ಅರ್ಧಗಳೂ ಹತ್ತಿರ ಬಂದವು. ವಿಳಾಸ ಮರೆಯಾಗಿದೆ. ಮರೆಸಿದ್ದು ಅಲ್ಲಿನ ನಿಯಮ ತಡೆದಿರುವ ಸೇವೆಯನ್ನು ಪಡೆಯಲು. ಮನೆಗೆ ಮಾಡಿದ ಒಂದು ಕರೆಗೆ ಯಾರು ಕೇಸು ಹಾಕುತ್ತಾರೆ ಎಂದು ನೀವು ಕೇಳಬಹುದು. ಕೇಸು ಹಾಕುವ ಸಾಧ್ಯತೆ ಒಂದು ಮಾತು, ಕಾನೂನಿನ ಒಳಗೆ ಇದ್ದೀರಾ ಎಂಬುದು ಇನ್ನೊಂದು ಮಾತು. ಬೇರೆ ಯಾವುದೋ ಕಾರಣಕ್ಕೆ ಫೋನು ಪೊಲೀಸರ ಕೈಗೆ ಹೋದರೆ, ಮೊದಲೇ ಇದ್ದ ತೊಂದರೆಯ ಮೇಲೆ ಇದು ಇನ್ನೊಂದು ಹೊರೆಯಾಗಿ ಕೂರುತ್ತದೆ. ಅಷ್ಟು ದೊಡ್ಡ ದಂಡದ ಕಾನೂನಿನ ಜೊತೆ ಆ ಜೂಜು ಬೇಡ ಎಂದೇ ನನ್ನ ಅಭಿಪ್ರಾಯ. ಅದರಲ್ಲೂ ನೇರವಾದ ದಾರಿ ಇರುವಾಗ. ಬೋಟಿಮ್‌ನಂಥ, ಅಲ್ಲಿ ಅನುಮತಿ ಇರುವ ಕರೆ ಆ್ಯಪ್‌ಗಳಿವೆ. ಮೀಟಿಂಗ್‌ಗೆ ಬಳಸುವ ಝೂಮ್, ಟೀಮ್ಸ್‌ಗೂ ಅಲ್ಲಿ ಅವಕಾಶ ಕೊಟ್ಟಿದ್ದಾರೆ. ಹೊರಡುವ ಮುನ್ನ ಮನೆಯವರ ಫೋನಿನಲ್ಲೂ ಅದೇ ಆ್ಯಪ್ ಹಾಕಿಸಿದರೆ ಆ ರಾತ್ರಿಯ ಪರದಾಟವೇ ಇರುವುದಿಲ್ಲ.

ಇನ್ನು ಉದಾಹರಣೆಯ ಮೂರನೆಯ ಭಾಗ. ಇದನ್ನು ನೆಟ್‌ವರ್ಕ್ ಕೆಲಸದವರೂ ಮರೆಯುತ್ತಾರೆ. ಆ ಉದ್ಯೋಗಿ ಬುದ್ಧಿವಂತರು, ಉಚಿತ ಆ್ಯಪ್ ಹಾಕಲಿಲ್ಲ ಅಂತಿಟ್ಟುಕೊಳ್ಳಿ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಆಫೀಸ್ ವಿಪಿಎನ್ ಇನ್ನೂ ಆನ್ ಇದೆ. ಅದರಲ್ಲೇ ವಾಟ್ಸಾಪ್ ತೆರೆದು ಕರೆ ಮಾಡಿದರು. ಕರೆ ಹೋಯಿತು! ಯಾಕೆ ಹೋಯಿತು? ಆಫೀಸ್ ವಿಪಿಎನ್ ಲ್ಯಾಪ್‌ಟಾಪಿನ ಎಲ್ಲ ಸಂಚಾರವನ್ನೂ ಕಚೇರಿಯ ಕಡೆಗೇ ಎಳೆದುಕೊಳ್ಳುತ್ತಿತ್ತು. ಕರೆಯೂ ಅದೇ ಸುರಂಗದಲ್ಲಿ ಹೋಗಿ ಕಚೇರಿಯ ವಿಳಾಸದಿಂದ ಹೊರಬಿತ್ತು. ಅದೇ ಸುರಂಗದಲ್ಲಿ ಒಂದು ಗಂಟೆ ಹಿಂದೆ ನಡೆದದ್ದು ಅನುಮತಿ ಇರುವ ಕೆಲಸ. ಈಗ ನಡೆದದ್ದು ಇಲ್ಲದ್ದು. ಮೇಲಾಗಿ ಹೊರಗೆ ಕಾಣುವುದು ಕಂಪನಿಯ ವಿಳಾಸ. ಹಾಗಾಗಿ ಇದು ಅವರೊಬ್ಬರ ವಿಷಯವಾಗಿ ಉಳಿಯಲಿಲ್ಲ.

ಇದನ್ನು ತಪ್ಪಿಸುವುದು ವಿಪಿಎನ್ ಹೇಗೆ ಹೊಂದಿಸಿದ್ದಾರೆ ಎಂಬುದರ ಮೇಲೆ ನಿಂತಿದೆ. ಎಲ್ಲವೂ ಸುರಂಗದಲ್ಲೇ ಹೋಗುವುದು ಪೂರ್ಣ ಸುರಂಗ, ಫುಲ್ ಟನೆಲ್. ಕಚೇರಿಯ ವಿಳಾಸಗಳಿಗೆ ಹೋಗುವುದು ಮಾತ್ರ ಸುರಂಗದಲ್ಲಿ, ಉಳಿದದ್ದು ನೇರವಾಗಿ ಹೋದರೆ ಅದು ಸ್ಪ್ಲಿಟ್ ಟನೆಲ್. ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಬಳಸುವವರಿಗೆ ಇದು ಒಂದೇ ಸಾಲಿನಲ್ಲಿ ಕಾಣುತ್ತದೆ. ಹೀಗಿದ್ದರೆ ಎಲ್ಲ ಸಂಚಾರವೂ ಸುರಂಗಕ್ಕೆ:

```
AllowedIPs = 0.0.0.0/0, ::/0
```

ಹೀಗಿದ್ದರೆ ಕಚೇರಿಯ ಒಳ ನೆಟ್‌ವರ್ಕ್ ಮಾತ್ರ:

```
AllowedIPs = 10.20.0.0/16
```

ಈ ಕಡತ ನೋಡಲು ಬಾರದಿದ್ದರೂ ಪರವಾಗಿಲ್ಲ. ವಿಪಿಎನ್ ಆಫ್ ಇರುವಾಗ ನಿಮ್ಮ ಐಪಿ ವಿಳಾಸ ತೋರಿಸುವ ಯಾವುದಾದರೂ ಪುಟ ತೆರೆದು ಸಂಖ್ಯೆ ಬರೆದಿಟ್ಟುಕೊಳ್ಳಿ. ವಿಪಿಎನ್ ಆನ್ ಮಾಡಿ ಮತ್ತೆ ತೆರೆಯಿರಿ. ಸಂಖ್ಯೆ ಬದಲಾದರೆ ನಿಮ್ಮದು ಬಹುತೇಕ ಪೂರ್ಣ ಸುರಂಗ. ಬದಲಾಗದಿದ್ದರೆ ಸಾಮಾನ್ಯ ವೆಬ್ ಸಂಚಾರ ಸುರಂಗದ ಹೊರಗೇ ಹೋಗುತ್ತಿದೆ. ಈ ಪರೀಕ್ಷೆಯನ್ನು ಮನೆಯಲ್ಲೇ, ಹೊರಡುವ ಮುನ್ನ ಮಾಡಿ. ಪೂರ್ಣ ಸುರಂಗ ಎಂದು ಗೊತ್ತಾದರೆ ಅಲ್ಲಿ ಆಫೀಸ್ ಕೆಲಸ ಮುಗಿದ ತಕ್ಷಣ ವಿಪಿಎನ್ ಕಡಿದು, ಆಮೇಲೆ ಸ್ವಂತ ಕೆಲಸ. ಸ್ಪ್ಲಿಟ್ ಟನೆಲ್ ಮಾಡಿಕೊಡಿ ಎಂದು ಐಟಿ ವಿಭಾಗವನ್ನು ಕೇಳಬಹುದು. ಆದರೆ ಅವರು ಬೇಡ ಅನ್ನುವುದಕ್ಕೂ ಕಾರಣವಿರುತ್ತದೆ. ಪೂರ್ಣ ಸುರಂಗದಲ್ಲಿ ಹೋಟೆಲ್ ವೈಫೈಯ ಅಪಾಯ ಕಡಿಮೆ. ನೀವಾಗಿಯೇ ಸೆಟ್ಟಿಂಗ್ ಬದಲಿಸಲು ಮಾತ್ರ ಹೋಗಬೇಡಿ.

ಎಮಿರೇಟ್ಸ್‌ನ ಕಾನೂನು ಉದ್ದೇಶ ಕೇಳುತ್ತದೆ ಅಂದೆ. ಎಲ್ಲ ಕಡೆ ಹಾಗಿಲ್ಲ. ಚೀನಾದಲ್ಲಿ ಲೆಕ್ಕ ಬೇರೆ. ಅಲ್ಲಿ 1996ರ ಒಂದು ನಿಯಮವಿದೆ, 1997ರಲ್ಲಿ ತಿದ್ದಿದ್ದು. ದೇಶದ ಹೊರಗಿನ ಅಂತರ್ಜಾಲಕ್ಕೆ ಹೋಗುವವರು ಸರ್ಕಾರದ ದೂರಸಂಪರ್ಕ ಜಾಲ ಕೊಟ್ಟ ಮಾರ್ಗದಲ್ಲೇ ಹೋಗಬೇಕು, ಬೇರೆ ಮಾರ್ಗ ಮಾಡಿಕೊಳ್ಳಬಾರದು ಎಂದು ಅದು ಹೇಳುತ್ತದೆ. ಮೀರಿದರೆ ಎಚ್ಚರಿಕೆ, ಮತ್ತು 15,000 ಯುವಾನ್‌ವರೆಗೆ ದಂಡ. ಇಲ್ಲಿ ನೀವು ಒಳಗೆ ಏನು ಕಳಿಸಿದಿರಿ ಎಂಬ ಪ್ರಶ್ನೆ ಮೊದಲು ಬರುವುದಿಲ್ಲ. ಮಾರ್ಗವೇ ಪ್ರಶ್ನೆ. ಮಾರುವವರಿಗೆ ಇನ್ನೂ ಕಠಿಣ. 2017ರ ಡಿಸೆಂಬರ್‌ನಲ್ಲಿ ಗುವಾಂಗ್‌ಶಿ ಪ್ರದೇಶದ ಒಬ್ಬರಿಗೆ ಅನುಮತಿಯಿಲ್ಲದೆ ವಿಪಿಎನ್ ಮಾರಿದ್ದಕ್ಕೆ ಐದೂವರೆ ವರ್ಷ ಜೈಲು, 5 ಲಕ್ಷ ಯುವಾನ್ ದಂಡ ಆಯಿತು. ವ್ಯವಹಾರಕ್ಕೆ ಹೊರದೇಶದ ಸಂಪರ್ಕ ಬೇಕಾದ ಕಂಪನಿಗಳು ಅಲ್ಲಿನ ದೂರಸಂಪರ್ಕ ಸಂಸ್ಥೆಗಳಿಂದ ಅಂತರರಾಷ್ಟ್ರೀಯ ಖಾಸಗಿ ಲೈನನ್ನು ಬಾಡಿಗೆಗೆ ತೆಗೆದುಕೊಳ್ಳುತ್ತವೆ. ಹಾಗಾಗಿ ಅಲ್ಲಿಗೆ ಹೋಗುವವರು ತಮ್ಮ ಕಂಪನಿಗೆ ಕೇಳಬೇಕಾದ ಮಾತು ಒಂದೇ: "ಅಲ್ಲಿ ನಮಗೆ ಅಂಥ ಲೈನ್ ಇದೆಯಾ, ನಾನು ಯಾವ ದಾರಿಯಲ್ಲಿ ಸಂಪರ್ಕಕ್ಕೆ ಬರಬೇಕು?"

ಚೀನಾದ ವಿಷಯದಲ್ಲಿ ಪ್ರವಾಸಿಗರಿಗೆ ತುಂಬ ಉಪಯೋಗಕ್ಕೆ ಬರುವ ಒಂದು ತಾಂತ್ರಿಕ ಸಂಗತಿಯಿದೆ. ನಿಮ್ಮ ದೇಶದ ಸಿಮ್‌ನಲ್ಲೇ ರೋಮಿಂಗ್ ಮಾಡಿದರೆ ನಿಮ್ಮ ಡೇಟಾ ಸಾಮಾನ್ಯವಾಗಿ ಮೊದಲು ನಿಮ್ಮ ಸ್ವಂತ ಮೊಬೈಲ್ ಕಂಪನಿಯ ಜಾಲಕ್ಕೆ ಹೋಗಿ, ಅಲ್ಲಿಂದ ಅಂತರ್ಜಾಲಕ್ಕೆ ಇಳಿಯುತ್ತದೆ. ರೋಮಿಂಗ್ ಎಂಬ ವ್ಯವಸ್ಥೆ ಕಟ್ಟಿರುವುದೇ ಹಾಗೆ. ಅದಕ್ಕೇ ಹೋಟೆಲ್ ವೈಫೈಯಲ್ಲಿ ತೆರೆಯದ ಇಮೇಲ್ ರೋಮಿಂಗ್‌ನಲ್ಲಿ ತೆರೆಯುತ್ತದೆ. ಇದಕ್ಕೆ ಯಾವ ವಿಪಿಎನ್ನೂ ಬೇಡ. ನಾಲ್ಕು ದಿನದ ಪ್ರವಾಸವಾದರೆ, ಒಂದು ರೋಮಿಂಗ್ ಪ್ಯಾಕ್ ಹಾಕಿಸಿಕೊಳ್ಳುವುದು ಅನುಮತಿಯಿಲ್ಲದ ಆ್ಯಪ್ ಹುಡುಕುವುದಕ್ಕಿಂತ ಎಷ್ಟೋ ಮೇಲು.

ಇದೇ ಸಂಗತಿ ದೋಷ ಪತ್ತೆಗೂ ಸಹಾಯ ಮಾಡುತ್ತದೆ. ಆಫೀಸ್ ವಿಪಿಎನ್ ಕೂಡಿಕೊಳ್ಳುತ್ತಿಲ್ಲ ಅಂದುಕೊಳ್ಳಿ. ಹೆಸರು, ಪಾಸ್‌ವರ್ಡ್ ಕೇಳುವ ವಿಪಿಎನ್ ಆದರೆ, ಪಾಸ್‌ವರ್ಡ್ ತಪ್ಪಿದ್ದಾಗ ಕೂಡಲೇ "ತಪ್ಪು" ಎಂಬ ಉತ್ತರ ಬರುತ್ತದೆ. ಯಾರೋ ಮಧ್ಯದಲ್ಲಿ ತಡೆದಿದ್ದರೆ ಉತ್ತರವೇ ಇಲ್ಲ, ಸುಮ್ಮನೆ ತಿರುಗುತ್ತಾ ಇದ್ದು ಕೊನೆಗೆ ಸಮಯ ಮೀರಿತು ಎನ್ನುತ್ತದೆ. ಇಲ್ಲವೇ ಕೂಡಿಕೊಂಡು ಕೆಲವು ನಿಮಿಷಕ್ಕೆ ಬಿದ್ದುಹೋಗುತ್ತದೆ. ವೈರ್‌ಗಾರ್ಡ್‌ನಲ್ಲಿ `wg show` ಎಂದು ಕೇಳಿದರೆ ಈ ರೀತಿ ಕಾಣಬಹುದು:

```
transfer: 0 B received, 2.31 KiB sent
```

ಕಳಿಸುತ್ತಿದ್ದೀರಿ, ಏನೂ ಬರುತ್ತಿಲ್ಲ ಎಂದರ್ಥ. ಆಗ ವೈಫೈ ಬಿಟ್ಟು ರೋಮಿಂಗ್ ಡೇಟಾದಲ್ಲಿ ಒಮ್ಮೆ ನೋಡಿ. ಅಲ್ಲಿ ಸರಿಯಾಗಿ ಕೂಡಿಕೊಂಡರೆ ನಿಮ್ಮ ಖಾತೆ, ಕೀಲಿ ಸರಿಯಿದೆ, ತಡೆ ಇರುವುದು ಆ ವೈಫೈಯ ದಾರಿಯಲ್ಲಿ. ಆ ತಡೆ ದೇಶದ್ದೇ ಆಗಿರಬೇಕು ಎಂದೂ ಇಲ್ಲ. ಎಷ್ಟೋ ಹೋಟೆಲ್‌ಗಳು ವೆಬ್ ಬಿಟ್ಟು ಬೇರೆ ಸಂಚಾರವನ್ನೇ ಬಿಡುವುದಿಲ್ಲ. ಯಾವುದೇ ಇರಲಿ, ತಡೆ ಕಂಡಾಗ ಇನ್ನೊಂದು ಅಪರಿಚಿತ ಆ್ಯಪ್ ಹಾಕಿ ನೋಡೋಣ ಎಂಬ ಕೈ ತುರಿಕೆ ಬೇಡ. ಅಲ್ಲಿಯವರೆಗೆ ನಿಮ್ಮ ಬಳಿ ಇದ್ದದ್ದು ಕಂಪನಿಯ ವಿಪಿಎನ್. ಅಲ್ಲಿಂದಾಚೆ ನೀವು ತಡೆಯನ್ನು ಬೇಕೆಂದೇ ದಾಟಲು ಹೊರಟವರು.

ಮೂರನೆಯ ಬಗೆ, ರಾತ್ರೋರಾತ್ರಿ ಬರುವ ಆದೇಶ. 2024ರ ಆಗಸ್ಟ್ 30ರಂದು ಬ್ರೆಜಿಲ್‌ನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಅಲೆಕ್ಸಾಂಡ್ರೆ ದೆ ಮೊರೈಸ್ ಅವರು ಎಕ್ಸ್ ಜಾಲತಾಣವನ್ನು ದೇಶದಲ್ಲಿ ತಡೆಯಲು ಆದೇಶಿಸಿದರು. ವಿಪಿಎನ್ ಮೂಲಕ ಅದನ್ನು ಬಳಸುವ ವ್ಯಕ್ತಿಗೆ ಅಥವಾ ಕಂಪನಿಗೆ ದಿನಕ್ಕೆ 50,000 ರಿಯಾಲ್ ದಂಡ ಎಂದೂ ಅದರಲ್ಲಿತ್ತು. ಹಿಂದಿನ ದಿನ ಬ್ರೆಜಿಲ್‌ನಲ್ಲಿ ಇಳಿದ ಪ್ರವಾಸಿಗೆ ಯಾವ ನಕ್ಷೆ ನೋಡಿದರೂ ಹಸಿರೇ ಕಾಣುತ್ತಿತ್ತು. ವಿಪಿಎನ್ ಅಂದೂ ನಿಷೇಧವಾಗಲಿಲ್ಲ. ಒಂದು ನಿರ್ದಿಷ್ಟ ತಾಣಕ್ಕೆ ವಿಪಿಎನ್ ಮೂಲಕ ಹೋಗುವುದು ಮಾತ್ರ ದಂಡಕ್ಕೆ ಗುರಿಯಾಯಿತು. ಅಕ್ಟೋಬರ್ 8ರಂದು ತಡೆ ತೆರವಾಯಿತು. ಹೆಚ್ಚುಕಡಿಮೆ ನಲವತ್ತು ದಿನ ಇದ್ದು ಹೋದ ನಿಯಮ. ಇಂಥದ್ದನ್ನು ವರ್ಷಕ್ಕೊಮ್ಮೆ ತಿದ್ದುವ ಪಟ್ಟಿಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಹೊರಡುವ ದಿನ ಮತ್ತು ಇಳಿದ ದಿನ ಆ ದೇಶದ ಸುದ್ದಿ ನೋಡಬೇಕು.

ರಷ್ಯಾದ್ದು ಇನ್ನೊಂದು ಥರ. ಅಲ್ಲಿ 2017ರ ಕಾನೂನು ವಿಪಿಎನ್ ಸೇವೆ ಕೊಡುವವರ ಮೇಲೆ ಹೊಣೆ ಹೊರಿಸಿತು, ನಿಷೇಧಿತ ತಾಣಗಳನ್ನು ಅವರೂ ತಡೆಯಬೇಕು ಎಂದು. 2024ರ ಮಾರ್ಚ್‌ನಿಂದ ತಡೆ ದಾಟುವ ಸಾಧನಗಳ ಪ್ರಚಾರಕ್ಕೆ ತಡೆ ಬಂತು. 2025ರ ಸೆಪ್ಟೆಂಬರ್ 1ರಿಂದ ಅಪರಾಧ ಮಾಡುವಾಗ ವಿಪಿಎನ್ ಬಳಸಿದ್ದರೆ ಅದು ಶಿಕ್ಷೆಯನ್ನು ಹೆಚ್ಚಿಸುವ ಅಂಶವಾಯಿತು. ಹೀಗೆ ಸಾಧನವನ್ನು ನೇರವಾಗಿ ನಿಷೇಧಿಸದೆ ಅದರ ಸುತ್ತಲ ಜಾಗವನ್ನು ಕಿರಿದು ಮಾಡುತ್ತಾ ಹೋಗುವ ಪದ್ಧತಿ. ಭಾರತದಲ್ಲಿ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನವೂ ಸೇವೆ ಕೊಡುವವರಿಗೇ. ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎನ್ನುವ ನಿರ್ದೇಶನ ಅದು. ಬಳಸುವವರಿಗೆ ನಿಷೇಧ ಎಂದು ಅದನ್ನು ಓದಿದವರು ತಪ್ಪು ಓದಿದರು.

ಈಗ ಕೆಲಸದ ಜಾಗಕ್ಕೆ ಬರೋಣ. ದೇಶದ ಕಾನೂನು ಬಿಟ್ಟರೂ ಕಂಪನಿಯ ನೀತಿ ಬಿಡದಿರಬಹುದು. ಆಫೀಸ್ ಲ್ಯಾಪ್‌ಟಾಪಿನಲ್ಲಿ ಸ್ವಂತ ವಿಪಿಎನ್ ಹಾಕುವುದು ಬಹಳಷ್ಟು ಕಂಪನಿಗಳ ಬಳಕೆ ನೀತಿಗೆ ವಿರುದ್ಧ. ಅದಕ್ಕೆ ಕಾರಣ ಸರಳ. ಆ ಸುರಂಗದೊಳಗೆ ಏನು ಹೋಗುತ್ತಿದೆ ಎಂದು ಕಂಪನಿಯ ರಕ್ಷಣಾ ವ್ಯವಸ್ಥೆಗೂ ಕಾಣುವುದಿಲ್ಲ. ಗ್ರಾಹಕರ ಮಾಹಿತಿ ಹೊರಗೆ ಹೋಗುತ್ತಿದೆಯೋ ಅಥವಾ ನೀವು ಕ್ರಿಕೆಟ್ ಸ್ಕೋರ್ ನೋಡುತ್ತಿದ್ದೀರೋ ಹೇಳಲು ಬರುವುದಿಲ್ಲ. ಹಾಗಾಗಿ ಅವರು ಕೆಟ್ಟದ್ದನ್ನೇ ಊಹಿಸಿಕೊಳ್ಳಬೇಕಾಗುತ್ತದೆ. ಇದರಿಂದ ಕೆಲಸವೇ ಹೋಗಬಹುದು. ಪೊಲೀಸರು ಬರದಿದ್ದರೂ ಅದು ಸಣ್ಣ ನಷ್ಟವೇನಲ್ಲ.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ನಡೆದದ್ದು ಹೇಳುತ್ತೇನೆ. ಒಂದು ಶುಕ್ರವಾರ ರಾತ್ರಿ ನಮಗೆ ಎಚ್ಚರಿಕೆ ಬಂತು. ಒಬ್ಬ ಸಹೋದ್ಯೋಗಿಯ ಖಾತೆಗೆ ಒಂದು ದೇಶದಿಂದ ಲಾಗಿನ್ ಆಗಿದೆ, ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ಖಂಡದಿಂದ ಲಾಗಿನ್ ಆಗಿದೆ. ಅಷ್ಟು ಹೊತ್ತಲ್ಲಿ ಯಾರೂ ಅಷ್ಟು ದೂರ ಹೋಗಲಾರರು. ಇದಕ್ಕೆ "ಅಸಾಧ್ಯ ಪ್ರಯಾಣ" ಎಂದೇ ಹೆಸರು. ವ್ಯವಸ್ಥೆ ಖಾತೆಯನ್ನು ತಾನೇ ಮುಚ್ಚಿತು. ನಾವು ಅವರಿಗೆ ಫೋನ್ ಮಾಡಿದೆವು, ಎತ್ತಲಿಲ್ಲ, ವಿಮಾನದಲ್ಲಿದ್ದರು. ಕಡೆಗೆ ಗೊತ್ತಾದದ್ದು ಇಷ್ಟು: ಲ್ಯಾಪ್‌ಟಾಪ್ ವಿಮಾನ ನಿಲ್ದಾಣದ ವೈಫೈಯಿಂದ ಲಾಗಿನ್ ಆಗಿತ್ತು. ಫೋನಿನಲ್ಲಿ ಅವರ ಸ್ವಂತ ವಿಪಿಎನ್ ಆನ್ ಇತ್ತು, ಅದರ ಸರ್ವರ್ ಇನ್ನೊಂದು ಖಂಡದಲ್ಲಿತ್ತು, ಅಲ್ಲಿಂದ ಆಫೀಸ್ ಮೇಲ್ ತನ್ನಷ್ಟಕ್ಕೆ ಬಂದಿತ್ತು. ಎರಡೂ ಅವರೇ. ಯಾವ ಕಳ್ಳತನವೂ ಇರಲಿಲ್ಲ. ಆದರೂ ಗುರುತು ಖಚಿತವಾಗಿ ಖಾತೆ ತೆರೆಯುವಷ್ಟರಲ್ಲಿ ಎರಡು ದಿನ ಹೋಯಿತು. ಸೋಮವಾರ ತೋರಿಸಬೇಕಿದ್ದ ಕಡತ ಆ ಖಾತೆಯ ಒಳಗೇ ಇತ್ತು. ನನಗೆ ಇವತ್ತಿಗೂ ಬೇಸರವಾಗುವುದು, ಅವರು ಹೊರಡುವ ಮುನ್ನ ಎರಡು ಸಾಲಿನ ಮೇಲ್ ಹಾಕಿದ್ದರೆ ನಾವು ಹತ್ತು ನಿಮಿಷದಲ್ಲಿ ಬಿಡಿಸುತ್ತಿದ್ದೆವು ಎಂಬುದಕ್ಕೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತು. ಕೆಲವರು ಬೇರೆ ದೇಶದಲ್ಲಿ ಕೂತು ಕೆಲಸ ಮಾಡುತ್ತಾ, ವಿಪಿಎನ್‌ನಿಂದ ಊರಲ್ಲೇ ಇದ್ದಂತೆ ತೋರಿಸುತ್ತಾರೆ. ಇಲ್ಲಿ ವಿಪಿಎನ್ ಬಳಕೆಗಿಂತ ದೊಡ್ಡದು ಸುಳ್ಳು. ಇನ್ನೊಂದು ದೇಶದಲ್ಲಿ ಕೂತು ಕೆಲಸ ಮಾಡಿದರೆ ಅಲ್ಲಿನ ತೆರಿಗೆ, ಕೆಲಸದ ವೀಸಾ, ಗ್ರಾಹಕರ ಮಾಹಿತಿ ಯಾವ ದೇಶದಿಂದ ತೆರೆಯಬಹುದು ಎಂಬ ಒಪ್ಪಂದ, ಎಲ್ಲವೂ ಎದುರಾಗುತ್ತವೆ. ಮರೆಸಿದ್ದು ಗೊತ್ತಾದಾಗ ಕಂಪನಿಗೆ ನಿಮ್ಮ ಪರ ನಿಲ್ಲಲು ಏನೂ ಉಳಿದಿರುವುದಿಲ್ಲ.

ಹಾಗಾದರೆ ಹೊರಡುವ ಮುನ್ನ ಏನು ನೋಡಬೇಕು? ನಾನು ನಮ್ಮವರಿಗೆ ಒಂದು ವಾರ ಮೊದಲೇ ಶುರು ಮಾಡಿ ಅನ್ನುತ್ತೇನೆ. ಮೊದಲು, ಇಳಿಯುವ ದೇಶ ಮಾತ್ರವಲ್ಲ, ವಿಮಾನ ಬದಲಿಸುವ ದೇಶವನ್ನೂ ಬರೆದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಅಲ್ಲಿನ ದೂರಸಂಪರ್ಕ ನಿಯಂತ್ರಕರ ಜಾಲತಾಣ ಮತ್ತು ನಿಮ್ಮ ಸರ್ಕಾರದ ಪ್ರಯಾಣ ಸಲಹೆ ನೋಡಿ. ಓದುವಾಗ ಮೂರು ಮಾತು ಹುಡುಕಿ: ಬಳಸುವವರಿಗೆ ಹೇಳಿದ್ದೋ ಮಾರುವವರಿಗೆ ಹೇಳಿದ್ದೋ, ಉದ್ದೇಶದ ಮಾತಿದೆಯೋ ಇಲ್ಲವೋ, ಮತ್ತು ನೋಂದಣಿ ಬೇಕೋ. ನೋಂದಣಿ ಅನ್ನುವುದು ಸುಮ್ನೆ ಹೇಳಿದ್ದಲ್ಲ. ಟಾಂಜಾನಿಯಾದ ನಿಯಂತ್ರಕರು 2023ರ ಅಕ್ಟೋಬರ್‌ನಲ್ಲಿ, ವಿಪಿಎನ್ ಬಳಸುವವರು ತಮ್ಮ ವಿವರ ಕೊಟ್ಟು ನೋಂದಾಯಿಸಿಕೊಳ್ಳಬೇಕು ಎಂದು ಪ್ರಕಟಣೆ ಹೊರಡಿಸಿದ್ದರು. ಅದಕ್ಕೆ ಕೊಟ್ಟ ಸಮಯ ಆ ತಿಂಗಳ ಕೊನೆಯವರೆಗೆ ಮಾತ್ರ.

ಆಮೇಲೆ ನಿಮ್ಮ ಫೋನು. ಇಲ್ಲಿ ಜನ ಬೆರಗಾಗುತ್ತಾರೆ. ತಮ್ಮ ಬಳಿ ವಿಪಿಎನ್ ಇಲ್ಲ ಎಂದವರ ಫೋನಿನಲ್ಲೂ ಇರುತ್ತದೆ. ಆ್ಯಂಟಿವೈರಸ್ ಪ್ಯಾಕ್ ಜೊತೆ ಬಂದದ್ದು ಒಂದು, ಬ್ರೌಸರ್ ಒಳಗೇ ಇರುವುದು ಒಂದು, ಯಾವತ್ತೋ ಹಾಕಿ ಮರೆತದ್ದು ಇನ್ನೊಂದು. ಇವುಗಳಲ್ಲಿ ಎಷ್ಟೋ ಅಪರಿಚಿತ ವೈಫೈ ಸಿಕ್ಕ ಕೂಡಲೇ ತಾವಾಗಿಯೇ ಆನ್ ಆಗುತ್ತವೆ. ನೀವು ವಿಮಾನ ಇಳಿದು ನಿಲ್ದಾಣದ ವೈಫೈಗೆ ಸೇರಿದ ಕ್ಷಣವೇ ಸುರಂಗ ತೆರೆದಿರುತ್ತದೆ, ನೀವು ಏನೂ ಒತ್ತಿರುವುದಿಲ್ಲ. ಆ್ಯಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ವಿಪಿಎನ್ ಭಾಗಕ್ಕೆ ಹೋಗಿ ಪ್ರತಿಯೊಂದರ ಪಕ್ಕದ "Always-on VPN" ನೋಡಿ. ಐಫೋನ್‌ನಲ್ಲಿ ವಿಪಿಎನ್ ಪಟ್ಟಿಯಲ್ಲಿ ಪ್ರತಿಯೊಂದರ ಒಳಗೆ "Connect On Demand" ಇದೆಯೇ ನೋಡಿ. ಬೇಡದ್ದನ್ನು ತೆಗೆದುಹಾಕಿ. ಆಫೀಸಿನದನ್ನು ಮಾತ್ರ ಮುಟ್ಟಬೇಡಿ, ಅದಕ್ಕೆ ಐಟಿಯವರನ್ನು ಕೇಳಿ.

ಕಂಪನಿಯಿಂದ ಎರಡು ವಸ್ತು ತೆಗೆದುಕೊಳ್ಳಿ. ಒಂದು, ಯಾವ ದಿನದಿಂದ ಯಾವ ದಿನದವರೆಗೆ ಯಾವ ದೇಶದಲ್ಲಿರುತ್ತೀರಿ ಎಂದು ತಿಳಿಸಿದ ಮೇಲ್‌ಗೆ ಅವರ ಒಪ್ಪಿಗೆ. ಎರಡು, ಒಂದು ಪುಟದ ಪತ್ರ: ಈ ಲ್ಯಾಪ್‌ಟಾಪ್ ಕಂಪನಿಯದು, ಇದರಲ್ಲಿರುವ ವಿಪಿಎನ್ ಕಂಪನಿಯ ಒಳ ನೆಟ್‌ವರ್ಕ್ ತಲುಪಲು ಮಾತ್ರ, ಪ್ರಶ್ನೆಯಿದ್ದರೆ ಈ ಸಂಖ್ಯೆಗೆ ಕರೆ ಮಾಡಿ ಎಂದು. ಇದು ಕಾನೂನಿನ ಕವಚವಲ್ಲ. ಆದರೆ ಕೌಂಟರಿನಲ್ಲಿ ನಿಂತು ತಡವರಿಸುವ ಬದಲು ಕೊಡಲು ಕೈಯಲ್ಲಿ ಒಂದು ಕಾಗದ ಇರುತ್ತದೆ. ಮತ್ತೆ ಲಾಗಿನ್ ಕೋಡ್ ಎಸ್ಸೆಮ್ಮೆಸ್‌ನಲ್ಲಿ ಬರುವುದಾದರೆ ಆ ಸಿಮ್ ಅಲ್ಲಿ ಕೆಲಸ ಮಾಡುವುದೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು: "ವಿಪಿಎನ್ ಹಾಕಿ ನಮ್ಮ ದೇಶದ ಸಿನಿಮಾ ತಾಣ ನೋಡಿದರೆ ಅಪರಾಧವೇ?" ಸಾಮಾನ್ಯವಾಗಿ ಅದು ಆ ತಾಣದ ಜೊತೆ ಮಾಡಿಕೊಂಡ ಒಪ್ಪಂದದ ಉಲ್ಲಂಘನೆ. ಅವರು ತಡೆಯಬಹುದು, ಖಾತೆ ಮುಚ್ಚಬಹುದು. ಆದರೆ ನಾವು ಓದಿದ 10ನೇ ವಿಧಿಯಂಥದ್ದು ಇರುವ ದೇಶದಲ್ಲಿ, ಆ ತಾಣದಲ್ಲಿರುವುದು ಅಲ್ಲಿ ನಿಷಿದ್ಧ ವಸ್ತುವಾದರೆ, ಲೆಕ್ಕ ಬೇರೆಯಾಗುತ್ತದೆ.

ಇನ್ನೊಬ್ಬರು: "ಗಡಿಯಲ್ಲಿ ಫೋನ್ ನೋಡಿದರೆ ವಿಪಿಎನ್ ಆ್ಯಪ್ ಇರುವುದೇ ತಪ್ಪಾಗುತ್ತದೆಯೇ?" ಬಹುತೇಕ ಕಡೆ ಇರುವುದು ತಪ್ಪಲ್ಲ, ಬಳಸಿದ ರೀತಿಯೇ ತಪ್ಪಾಗುವುದು. ಆದರೂ ತಪಾಸಣೆಯವರ ಪ್ರಶ್ನೆಗೆ ಅದು ದಾರಿಯಾಗುತ್ತದೆ. ಅದಕ್ಕೇ ಬಳಸದ್ದನ್ನು ಮನೆಯಲ್ಲೇ ತೆಗೆದುಹಾಕಿ ಅಂದದ್ದು. ಸಾಲಿನಲ್ಲಿ ನಿಂತು ಗಡಿಬಿಡಿಯಿಂದ ಅಳಿಸುವುದು ಎಲ್ಲಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಕೊನೆಗೆ ಹಿರಿಯರೊಬ್ಬರು ಎದ್ದು ಕೇಳಿದರು. ಮಗಳ ಮನೆಗೆ ಹೋಗುವಾಗ ದುಬೈಯಲ್ಲಿ ಆರು ಗಂಟೆ ಕಾಯಬೇಕು, ಫೋನಿನಲ್ಲಿ ಮೊಮ್ಮಗ ಯಾವುದೋ ವಿಪಿಎನ್ ಹಾಕಿಕೊಟ್ಟಿದ್ದಾನೆ, ಏನು ಮಾಡಲಿ ಎಂದು. ಅವರ ಫೋನನ್ನು ಅಲ್ಲೇ ತೆಗೆದುಕೊಂಡು ನೋಡಿದೆವು. ಅಪರಿಚಿತ ವೈಫೈಯಲ್ಲಿ ತಾನಾಗಿ ಆನ್ ಆಗುವ ಆಯ್ಕೆ ಹಾಕಿಯೇ ಇತ್ತು. ಅವರಿಗೆ ಆ ಆ್ಯಪ್ ಬೇಕಾಗಿಯೇ ಇರಲಿಲ್ಲ, ತೆಗೆದೆವು. ಮಗಳಿಗೆ "ಇಳಿದೆ" ಎಂದು ತಿಳಿಸಲು ವಾಟ್ಸಾಪ್ ಸಂದೇಶ ಸಾಕು, ಅದು ಅಲ್ಲಿ ಹೋಗುತ್ತದೆ ಎಂದು ಹೇಳಿದೆ. ದನಿಯನ್ನೇ ಕೇಳಿಸಬೇಕು ಅನಿಸಿದರೆ ಧ್ವನಿ ಸಂದೇಶ ಕಳಿಸಿ ಎಂದೆ. ಅದು ಕರೆಯಲ್ಲ, ರೆಕಾರ್ಡ್ ಮಾಡಿ ಕಳಿಸುವ ಒಂದು ಕಡತ.